ಕಾರ್ಟ್ ಬಂದ ಮಾತ್ರಕ್ಕೆ ಆರ್ಡರ್ ಆಗುವುದಿಲ್ಲ: ವಾಟ್ಸಾಪ್ ಕ್ಯಾಟಲಾಗ್‌ನ ಆರ್ಡರ್‌ಗಳನ್ನು ಕ್ರಮವಾಗಿ ಇಡುವ ಬಗೆ

ಪ್ರಶ್ನೆ: ನಾನು ಮನೆಯಲ್ಲೇ ಬಟ್ಟೆಯ ಚೀಲ ಮತ್ತು ದಿಂಬಿನ ಕವರ್ ಹೊಲಿದು ಅಕ್ಕಪಕ್ಕದವರಿಗೆ ಮಾರುತ್ತೇನೆ. ಮೂರು ತಿಂಗಳ ಹಿಂದೆ ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಮಾಡಿದೆ. ಆರ್ಡರ್ ಹೆಚ್ಚಾಗಿದೆ, ಗೊಂದಲವೂ ಹೆಚ್ಚಾಗಿದೆ. ಕಳೆದ ವಾರ ಒಬ್ಬರಿಗೆ ಎರಡು ಸಲ ಹೊಲಿದೆ, ಇನ್ನೊಬ್ಬರದು ಮರೆತೇ ಹೋಯಿತು. ಲೇಬಲ್ ಹಾಕಿ ನೋಡಿದೆ, ಸರಿಹೋಗಲಿಲ್ಲ. ಬೇರೆ ಆ್ಯಪ್ ಕೊಳ್ಳಬೇಕೇ, ಅಥವಾ ಇದರಲ್ಲೇ ದಾರಿ ಇದೆಯೇ?

ಉತ್ತರ: ಬೇರೆ ಆ್ಯಪ್ ಈಗ ಬೇಡ. ಕ್ಯಾಟಲಾಗ್ ಸರಕನ್ನು ತೋರಿಸುತ್ತದೆ, ಕಾರ್ಟ್ ಬೇಡಿಕೆಯನ್ನು ನಿಮ್ಮ ಚಾಟ್‌ಗೆ ತಂದು ಹಾಕುತ್ತದೆ; ಅವುಗಳ ಕೆಲಸ ಅಲ್ಲಿಗೆ ಮುಗಿಯಿತು. ಯಾರಿಗೆ, ಯಾವ ದಿನಕ್ಕೆ, ಎಷ್ಟು ಎಂಬ ಲೆಕ್ಕವನ್ನು ಅವು ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಳ್ಳುತ್ತವೆ ಎಂದು ನಂಬಿ ಚಾಟ್ ಪಟ್ಟಿಯನ್ನೇ ಲೆಕ್ಕದ ಪುಸ್ತಕವಾಗಿ ಬಳಸಿದ್ದರಿಂದ ನಿಮಗೆ ತೊಂದರೆಯಾಗಿದೆ. ಆದ್ದರಿಂದ ಚಾಟ್‌ನ ಹೊರಗೆ ಒಂದು ಆರ್ಡರ್ ಪುಸ್ತಕ ಇರಬೇಕು, ಮತ್ತು ಕಾರ್ಟ್‌ನಿಂದ ಆ ಪುಸ್ತಕಕ್ಕೆ ಹೋಗುವ ಹಾದಿಯಲ್ಲಿ ಒಂದು ಖಚಿತಪಡಿಸುವ ಸಂದೇಶ ಇರಬೇಕು. ಉಳಿದದ್ದೆಲ್ಲ ಈ ಎರಡಕ್ಕೆ ಒತ್ತಾಸೆ.

ಮೊದಲು ಕ್ಯಾಟಲಾಗ್‌ನಲ್ಲೇ ಒಂದು ಸಣ್ಣ ತಿದ್ದುಪಡಿ ಮಾಡಿಕೊಳ್ಳಿ, ಏಕೆಂದರೆ ಗೊಂದಲದ ಅರ್ಧ ಪಾಲು ಹೆಸರುಗಳಲ್ಲೇ ಹುಟ್ಟುತ್ತದೆ. "ಚಂದದ ಚೀಲ", "ಹೊಸ ಚೀಲ", "ದೊಡ್ಡ ಚೀಲ" ಎಂಬಂಥ ಹೆಸರುಗಳು ನೋಡುವವರಿಗೆ ಹಿತವಾಗಿದ್ದರೂ ಬರೆದುಕೊಳ್ಳುವವರಿಗೆ ನೆರವಾಗುವುದಿಲ್ಲ. ಪ್ರತಿಯೊಂದು ವಸ್ತುವಿಗೂ ಎರಡಕ್ಷರದ ಒಂದು ಗುರುತು ಕೊಟ್ಟು, ಅದನ್ನು ಹೆಸರಿನ ಆರಂಭದಲ್ಲೇ ಬರೆಯಿರಿ: "B1 ಸಣ್ಣ ಚೀಲ", "B2 ಮಧ್ಯಮ ಚೀಲ", "B3 ದೊಡ್ಡ ಚೀಲ", "C1 ದಿಂಬಿನ ಕವರ್" ಎಂಬಂತೆ. ಕ್ಯಾಟಲಾಗ್‌ನಲ್ಲಿ ವಸ್ತುವಿನ ಕೋಡ್‌ಗೆಂದೇ ಬೇರೆ ಜಾಗ ಇದೆಯಾದರೂ, ಹೆಸರಿನಲ್ಲಿ ಸೇರಿಸಿದ ಗುರುತು ಕಾರ್ಟ್‌ನ ಜೊತೆಗೇ ನಿಮ್ಮ ಕಣ್ಣಿಗೆ ಬೀಳುತ್ತದೆ. ಗ್ರಾಹಕರೂ ಕ್ರಮೇಣ "ಬಿ ಎರಡು ಮೂರು ಬೇಕು" ಎಂದು ಹೇಳಲು ಕಲಿಯುತ್ತಾರೆ. ಹಾಗೆ ಹೇಳತೊಡಗಿದ ದಿನದಿಂದ ನಿಮ್ಮ ಕೆಲಸ ಹಗುರಾಗುತ್ತದೆ.

ಯಾವುದನ್ನು ಬೇರೆ ವಸ್ತುವಾಗಿ ಹಾಕಬೇಕು, ಯಾವುದನ್ನು ಹಾಕಬಾರದು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಒಂದು ಕ್ಯಾಟಲಾಗ್‌ನಲ್ಲಿ 500 ವಸ್ತುಗಳವರೆಗೆ ಹಾಕಬಹುದು, ಒಂದೊಂದಕ್ಕೆ 10 ಚಿತ್ರಗಳವರೆಗೆ ಸೇರಿಸಬಹುದು; ಜಾಗದ ಕೊರತೆಯಿಲ್ಲ ಎಂದು ಒಂದೊಂದು ಬಣ್ಣವನ್ನೂ ಒಂದೊಂದು ವಸ್ತುವಾಗಿ ಹಾಕಿದರೆ ಗ್ರಾಹಕರು ಅರ್ಧದಲ್ಲೇ ಬೇಸತ್ತು "ನೀವೇ ನೋಡಿ ಕೊಡಿ" ಎಂದು ಬರೆಯುತ್ತಾರೆ. ನಾನು ಪಾಲಿಸುವ ನಿಯಮ ಇಷ್ಟೇ: ಬೆಲೆ ಬದಲಾದರೆ ಬೇರೆ ವಸ್ತು, ಬೆಲೆ ಬದಲಾಗದಿದ್ದರೆ ಅದೇ ವಸ್ತುವಿನ ಮತ್ತೊಂದು ಚಿತ್ರ. ಅಳತೆಗೆ ತಕ್ಕಂತೆ ಬೆಲೆ ಬದಲಾಗುವುದರಿಂದ ಸಣ್ಣದು, ಮಧ್ಯಮ, ದೊಡ್ಡದು ಮೂರು ವಸ್ತುಗಳಾಗುತ್ತವೆ. ಬಣ್ಣವನ್ನು ಖಚಿತಪಡಿಸುವ ಸಂದೇಶದಲ್ಲಿ ಕೇಳಿಕೊಳ್ಳಬಹುದು. ಹೊಸ ವಸ್ತು ಹಾಕಿದಾಗ ಅದು ಪರಿಶೀಲನೆಗೆ ಹೋಗಿ ಒಪ್ಪಿಗೆಯಾದ ಮೇಲಷ್ಟೇ ಗ್ರಾಹಕರಿಗೆ ಕಾಣುತ್ತದೆ, ಆದ್ದರಿಂದ ಮಾರಬೇಕಾದ ದಿನದ ಬೆಳಗ್ಗೆ ಹಾಕುವುದಕ್ಕಿಂತ ಒಂದೆರಡು ದಿನ ಮೊದಲೇ ಹಾಕುವುದು ಒಳ್ಳೆಯದು. ಬಟ್ಟೆ ಮುಗಿದಿರುವ ವಸ್ತುವನ್ನು ಅಳಿಸಬೇಡಿ, ಮರೆಮಾಡಿ; ಬಟ್ಟೆ ಬಂದಾಗ ಮತ್ತೆ ತೋರಿಸಿದರಾಯಿತು, ಚಿತ್ರ ಮತ್ತು ವಿವರಣೆಯನ್ನು ಮತ್ತೊಮ್ಮೆ ತುಂಬುವ ಕೆಲಸ ತಪ್ಪುತ್ತದೆ.

ಇನ್ನು ಕಾರ್ಟ್‌ನ ವಿಷಯ. ಗ್ರಾಹಕರು ಕ್ಯಾಟಲಾಗ್‌ನಲ್ಲಿ ವಸ್ತುಗಳನ್ನು ಆರಿಸಿ, ಎಣಿಕೆ ಹಾಕಿ ಕಳುಹಿಸಿದಾಗ ಅದು ನಿಮ್ಮ ಚಾಟ್‌ನಲ್ಲಿ ಒಂದೇ ಸಂದೇಶವಾಗಿ ಬರುತ್ತದೆ. ಅದರಲ್ಲಿ ವಸ್ತು ಇರುತ್ತದೆ, ಎಣಿಕೆ ಇರುತ್ತದೆ, ಕ್ಯಾಟಲಾಗ್‌ನ ಬೆಲೆಯಂತೆ ಕೂಡಿದ ಮೊತ್ತವೂ ಇರುತ್ತದೆ. ಯಾವ ದಿನಕ್ಕೆ ಬೇಕು ಎಂಬುದು ಇರುವುದಿಲ್ಲ. ಮನೆಯಿಂದ ನಡೆಸುವ ಉದ್ಯೋಗಕ್ಕೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಆ ದಿನಾಂಕವೇ, ಏಕೆಂದರೆ ನೀವು ಕಪಾಟಿನಲ್ಲಿ ಜೋಡಿಸಿಟ್ಟ ಸರಕನ್ನು ಮಾರುತ್ತಿಲ್ಲ, ನಿಮ್ಮ ಕೈಗಳು ಒಂದು ವಾರದಲ್ಲಿ ಮಾಡಬಲ್ಲ ಕೆಲಸವನ್ನು ಹಂಚುತ್ತಿದ್ದೀರಿ. ಕಾರ್ಟ್‌ಗೆ ನಿಮ್ಮ ಕೈಗಳ ಮಿತಿ ಗೊತ್ತಿಲ್ಲ. ಹತ್ತು ಮಂದಿ ಒಂದೇ ಸಂಜೆ ಹತ್ತು ಹತ್ತು ಚೀಲ ಕೇಳಿದರೂ ಅದು ಯಾರನ್ನೂ ತಡೆಯುವುದಿಲ್ಲ. ಆದ್ದರಿಂದ ಬಂದ ಕಾರ್ಟನ್ನು ಬೇಡಿಕೆ ಎಂದಷ್ಟೇ ಪರಿಗಣಿಸಿ, ನೀವು ಒಪ್ಪಿಕೊಂಡ ಮೇಲೆ ಮಾತ್ರ ಅದನ್ನು ಆರ್ಡರ್ ಎಂದು ಕರೆಯಿರಿ.

ಆ ಒಪ್ಪಿಗೆಯನ್ನು ಬರೆಯುವ ಸಂದೇಶಕ್ಕೆ ಒಂದು ಸ್ಥಿರವಾದ ರೂಪ ಇರಲಿ. ಉದಾಹರಣೆಗೆ: "ಆರ್ಡರ್ 1407-01. B2 ಮಧ್ಯಮ ಚೀಲ 4, ನೀಲಿ. C1 ದಿಂಬಿನ ಕವರ್ 2, ಬಿಳಿ. ಕೊಡುವ ದಿನ: ಶನಿವಾರ, 19ನೇ ತಾರೀಕು, ಸಂಜೆ. ಸರಿ ಇದ್ದರೆ 'ಸರಿ' ಎಂದು ಬರೆಯಿರಿ." ಇದರಲ್ಲಿ ಆರ್ಡರ್ ಸಂಖ್ಯೆಯೇ ಮುಖ್ಯ. ಜುಲೈ 14ರಂದು ಒಪ್ಪಿಕೊಂಡ ಮೊದಲನೆಯ ಆರ್ಡರ್ 1407-01, ಅದೇ ದಿನದ ಎರಡನೆಯದು 1407-02. ಇಂಥ ಸಂಖ್ಯೆಗೆ ಯಾವ ಸಾಧನವೂ ಬೇಕಿಲ್ಲ, ಒಮ್ಮೆ ಕೊಟ್ಟದ್ದು ಆ ವರ್ಷದಲ್ಲಿ ಮತ್ತೆ ಬರುವುದಿಲ್ಲ, ಮತ್ತು ಚಾಟ್‌ನ ಹುಡುಕುವ ಜಾಗದಲ್ಲಿ ಅದನ್ನು ಟೈಪ್ ಮಾಡಿದರೆ ನೇರವಾಗಿ ಆ ಸಂದೇಶಕ್ಕೇ ಹೋಗಿ ನಿಲ್ಲಬಹುದು. ಗ್ರಾಹಕರು ತಿಂಗಳ ನಂತರ "ಅವತ್ತು ಕೊಟ್ಟಿರಲ್ಲ, ಅದೇ ಬಣ್ಣ" ಎಂದರೆ ನೂರಾರು ಸಂದೇಶಗಳನ್ನು ಮೇಲಕ್ಕೆ ಸರಿಸುತ್ತ ಕೂರಬೇಕಾಗುವುದಿಲ್ಲ.

ಈ ಸಂದೇಶದ ಚೌಕಟ್ಟನ್ನು ಪ್ರತಿ ಸಲ ಟೈಪ್ ಮಾಡುವ ಅಗತ್ಯವಿಲ್ಲ. ಬಿಸಿನೆಸ್ ಆ್ಯಪ್‌ನ ಸೆಟ್ಟಿಂಗ್‌ಗಳಲ್ಲಿ Quick replies ಎಂಬುದಿದೆ. ಅಲ್ಲಿ ಚೌಕಟ್ಟನ್ನು ಒಮ್ಮೆ ಬರೆದು ಅದಕ್ಕೊಂದು ಚಿಕ್ಕ ಹೆಸರು ಕೊಟ್ಟರೆ, ಚಾಟ್‌ನಲ್ಲಿ / ಚಿಹ್ನೆಯನ್ನು ಒತ್ತಿ ಆ ಹೆಸರನ್ನು ಆರಿಸಿದ ಕೂಡಲೇ ಪೂರ್ತಿ ಸಂದೇಶ ಬಂದು ಕೂರುತ್ತದೆ, ನೀವು ಸಂಖ್ಯೆಗಳನ್ನಷ್ಟೇ ತುಂಬಬೇಕು. ಇಂಥವನ್ನು 50ರವರೆಗೆ ಇಟ್ಟುಕೊಳ್ಳಲು ಅವಕಾಶವಿದ್ದರೂ ನಿಮಗೆ ಮೂರು ಸಾಕು: ಒಂದು ದಿನ ಮತ್ತು ಬಣ್ಣ ಕೇಳಲು, ಒಂದು ಖಚಿತಪಡಿಸಲು, ಇನ್ನೊಂದು "ಈ ವಾರ ತುಂಬಿದೆ, ಮುಂದಿನ ಬುಧವಾರ ಆಗಬಹುದೇ" ಎಂದು ವಿಚಾರಿಸಲು. ಹಲವರು ಈ ವಿವರಗಳನ್ನೆಲ್ಲ ಸ್ವಾಗತ ಸಂದೇಶದಲ್ಲಿ ತುಂಬಿಸಿ, ಎಲ್ಲರೂ ಓದಿದ್ದಾರೆಂದು ಭಾವಿಸುತ್ತಾರೆ. ಆದರೆ ಸ್ವಾಗತ ಸಂದೇಶ ಹೋಗುವುದು ಮೊದಲ ಬಾರಿ ಬರೆದವರಿಗೆ ಮತ್ತು 14 ದಿನ ಯಾವ ಮಾತುಕತೆಯೂ ಇಲ್ಲದೆ ಆಮೇಲೆ ಬರೆದವರಿಗೆ ಮಾತ್ರ. ವಾರವಾರ ಕೊಳ್ಳುವ ನಿಮ್ಮ ಖಾಯಂ ಗ್ರಾಹಕರು ಅದನ್ನು ನೋಡುವುದೇ ಇಲ್ಲ, ಮತ್ತು ಹೆಚ್ಚಿನ ಗೊಂದಲ ಹುಟ್ಟುವುದೂ ಅವರ ಆರ್ಡರ್‌ಗಳಲ್ಲೇ.

"ಸರಿ" ಎಂಬ ಉತ್ತರ ಬಂದ ಕ್ಷಣದಲ್ಲೇ ಆರ್ಡರ್ ಪುಸ್ತಕಕ್ಕೆ ಬರೆದುಕೊಳ್ಳಿ. ರಾತ್ರಿ ಒಟ್ಟಿಗೆ ಬರೆಯುತ್ತೇನೆ ಎಂದು ಮುಂದೂಡುವವರಲ್ಲಿ ಒಂದು ಆರ್ಡರ್ ತಪ್ಪುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ, ಏಕೆಂದರೆ ಓದಿದ ಚಾಟ್ ಹೊಸ ಚಾಟ್‌ಗಳ ಕೆಳಗೆ ಜಾರಿಹೋಗುತ್ತದೆ ಮತ್ತು ಓದದ ಸಂದೇಶದ ಗುರುತು ಅದರ ಮೇಲೆ ಇರುವುದಿಲ್ಲ. ಪುಸ್ತಕ ಎಂದರೆ ಕಾಗದದ ನೋಟ್‌ಬುಕ್ ಆಗಿರಬಹುದು, ಫೋನಿನಲ್ಲಿರುವ ಸ್ಪ್ರೆಡ್‌ಶೀಟ್ ಆಗಿರಬಹುದು. ವಾರಕ್ಕೆ ಹತ್ತು ಆರ್ಡರ್‌ಗಳೊಳಗೆ ಕಾಗದವೇ ಚುರುಕು. ಅದನ್ನು ಮೀರಿದರೆ ಕೂಡಿಸುವ ಕೆಲಸ ಹೆಚ್ಚುವುದರಿಂದ ಸ್ಪ್ರೆಡ್‌ಶೀಟ್ ಅನುಕೂಲ. ಎರಡನ್ನೂ ಇಡಬೇಡಿ. ಎರಡು ಪುಸ್ತಕ ಇದ್ದಲ್ಲಿ ಯಾವುದು ನಿಜವೆಂದು ಯಾರಿಗೂ ತಿಳಿಯುವುದಿಲ್ಲ.

ಪುಸ್ತಕ ಬರೆಯುವಾಗ ಬಹುತೇಕ ಎಲ್ಲರೂ ಮಾಡುವ ಒಂದು ತಪ್ಪು ಇದೆ: ಒಂದು ಆರ್ಡರಿಗೆ ಒಂದು ಸಾಲು ಕೊಟ್ಟು, ಅದರಲ್ಲಿ "4 ಮಧ್ಯಮ, 2 ಕವರ್" ಎಂದು ಒಟ್ಟಿಗೆ ಬರೆಯುವುದು. ಓದಲು ಇದು ಚೆನ್ನಾಗಿಯೇ ಇರುತ್ತದೆ, ಆದರೆ ಶನಿವಾರಕ್ಕೆ ಒಟ್ಟು ಎಷ್ಟು ಮಧ್ಯಮ ಚೀಲ ಹೊಲಿಯಬೇಕೆಂದು ಅದರಿಂದ ಕೂಡಲು ಬರುವುದಿಲ್ಲ. ಒಂದು ವಸ್ತುವಿಗೆ ಒಂದು ಸಾಲು ಕೊಡಿ. ನಾಲ್ಕು ಚೀಲ ಮತ್ತು ಎರಡು ಕವರ್ ಇರುವ ಆರ್ಡರ್ ಎರಡು ಸಾಲುಗಳನ್ನು ಪಡೆಯುತ್ತದೆ, ಎರಡರಲ್ಲೂ ಅದೇ ಆರ್ಡರ್ ಸಂಖ್ಯೆ ಇರುತ್ತದೆ. ಅಂಕಣಗಳು ಏಳು ಸಾಕು: A ಆರ್ಡರ್ ಸಂಖ್ಯೆ, B ಗ್ರಾಹಕರ ಹೆಸರು, C ಕೊಡುವ ದಿನ, D ವಸ್ತುವಿನ ಗುರುತು, E ಎಣಿಕೆ, F ಹಣ ಬಂದಿದೆಯೇ, G ಸ್ಥಿತಿ. ಬಣ್ಣದಂಥ ವಿವರ ಇದ್ದರೆ ಎಂಟನೆಯ ಅಂಕಣದಲ್ಲಿ ಟಿಪ್ಪಣಿಯಾಗಿ ಇರಲಿ. ಹಾಳೆಯನ್ನು ಆರ್ಡರ್ ಬಂದ ದಿನದ ಪ್ರಕಾರ ಜೋಡಿಸುವುದಕ್ಕಿಂತ ಕೊಡುವ ದಿನದ ಪ್ರಕಾರ ಜೋಡಿಸಿ. ಸೋಮವಾರ ಬಂದ ಆರ್ಡರನ್ನು ಮುಂದಿನ ತಿಂಗಳು ಕೊಡಬೇಕಿರಬಹುದು, ಗುರುವಾರ ಬಂದದ್ದನ್ನು ನಾಳಿದ್ದೇ ಕೊಡಬೇಕಿರಬಹುದು.

ಯಾವುದೇ ದಿನಕ್ಕೆ B2 ಎಷ್ಟು ಬೇಕು ಎಂದು ತಿಳಿಯಲು, J1 ಎಂಬ ಕೋಶದಲ್ಲಿ ಆ ದಿನಾಂಕವನ್ನು ಬರೆದು, ಪಕ್ಕದಲ್ಲಿ ಈ ಸೂತ್ರವನ್ನು ಹಾಕಿದರೆ ಸಾಕು:

```
=SUMIFS(E:E, D:D, "B2", C:C, $J$1, G:G, "<>ರದ್ದು")
```

B2 ಎಂಬ ಗುರುತಿರುವ, J1ರಲ್ಲಿರುವ ದಿನಕ್ಕೆ ಕೊಡಬೇಕಾದ, ರದ್ದಾಗದ ಸಾಲುಗಳ ಎಣಿಕೆಯನ್ನು ಇದು ಕೂಡುತ್ತದೆ. ಉತ್ತರ ಸೊನ್ನೆ ಎಂದು ಬಂದರೆ, ಆರ್ಡರ್ ಇಲ್ಲವೆಂದು ಸಮಾಧಾನಪಡುವ ಮೊದಲು ದಿನಾಂಕದ ಅಂಕಣವನ್ನು ನೋಡಿ. ದಿನಾಂಕವನ್ನು ಹಾಳೆಯು ದಿನಾಂಕವೆಂದು ಗುರುತಿಸಿದ್ದರೆ ಅದು ಸಾಮಾನ್ಯವಾಗಿ ಕೋಶದ ಬಲಬದಿಗೆ ಸರಿದು ನಿಲ್ಲುತ್ತದೆ. ಬರಿಯ ಅಕ್ಷರಗಳೆಂದು ತಿಳಿದಿದ್ದರೆ ಎಡಬದಿಗೆ ಅಂಟಿಕೊಂಡಿರುತ್ತದೆ, ಮತ್ತು ಅಂಥ ಸಾಲನ್ನು ಸೂತ್ರವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. "19 ಶನಿವಾರ" ಎಂದು ಬರೆದುಬಿಟ್ಟಾಗ ಆಗುವುದು ಇದೇ.

ಈಗ ಒಂದು ವಾರವನ್ನು ಉದಾಹರಣೆಗೆ ತೆಗೆದುಕೊಂಡು ನೋಡೋಣ. ನೀವು ಬುಧವಾರ ಮತ್ತು ಶನಿವಾರ ಮಾತ್ರ ಕೊಡುತ್ತೀರಿ, ಒಂದು ಕೊಡುವ ದಿನಕ್ಕೆ ಹೆಚ್ಚೆಂದರೆ 12 ಮಧ್ಯಮ ಚೀಲ ಹೊಲಿಯಬಲ್ಲಿರಿ ಎಂದುಕೊಳ್ಳೋಣ. ಜುಲೈ 14, ಸೋಮವಾರ ಸಂಜೆ ಮೇಲಿನ ಮಹಡಿಯವರಿಂದ ಕಾರ್ಟ್ ಬರುತ್ತದೆ: B2 ನಾಲ್ಕು, C1 ಎರಡು. ನೀವು ದಿನ ಮತ್ತು ಬಣ್ಣ ಕೇಳುತ್ತೀರಿ, ಅವರು ಶನಿವಾರ ಎನ್ನುತ್ತಾರೆ, 1407-01 ಎಂಬ ಸಂಖ್ಯೆಯೊಡನೆ ಖಚಿತಪಡಿಸುತ್ತೀರಿ, "ಸರಿ" ಬರುತ್ತದೆ, ಪುಸ್ತಕದಲ್ಲಿ ಎರಡು ಸಾಲು ಸೇರುತ್ತವೆ. ಬುಧವಾರ ಮತ್ತೊಬ್ಬರು ಧ್ವನಿ ಸಂದೇಶ ಕಳುಹಿಸುತ್ತಾರೆ: "ಕಳೆದ ಸಲ ತೊಗೊಂಡಿದ್ನಲ್ಲ, ಅದೇ ಮೂರು ಬೇಕು." ಪುಸ್ತಕದಲ್ಲಿ ಅವರ ಹೆಸರನ್ನು ಹುಡುಕಿದರೆ ಕಳೆದ ಸಲ ಅವರು B2 ಎರಡು ಮತ್ತು B3 ಒಂದು ಕೊಂಡಿದ್ದರೆಂದು ಕಾಣುತ್ತದೆ. "ಅದೇ ಮೂರು" ಎಂದರೆ ಆ ಮೂರರ ಗುಂಪೋ, ಅಥವಾ ಮಧ್ಯಮ ಚೀಲವೇ ಮೂರೋ ಎಂದು ಊಹಿಸಬೇಡಿ. ಚಾಟ್‌ನಿಂದಲೇ ಕ್ಯಾಟಲಾಗ್ ತೆರೆದು ಎರಡು ವಸ್ತುಗಳನ್ನೂ ಅವರಿಗೆ ಕಳುಹಿಸಿ, ಯಾವುದು ಎಷ್ಟು ಎಂದು ಕೇಳಿ. ಅವರು B2 ಮೂರು ಎನ್ನುತ್ತಾರೆ. 1607-01 ಆಗಿ ಒಂದು ಸಾಲು ಸೇರುತ್ತದೆ. ಶನಿವಾರದ B2 ಈಗ ಏಳು.

ಗುರುವಾರ ಮೇಲಿನ ಮಹಡಿಯವರಿಂದ ಇನ್ನೊಂದು ಕಾರ್ಟ್ ಬರುತ್ತದೆ: B2 ಆರು. ನೀವು ಕಳೆದ ವಾರ ಎರಡು ಸಲ ಹೊಲಿದದ್ದು ಬಹುಶಃ ಇಂಥ ಜಾಗದಲ್ಲೇ. ಒಮ್ಮೆ ಕಳುಹಿಸಿದ ಕಾರ್ಟನ್ನು ಗ್ರಾಹಕರು ತಿದ್ದಲಾರರು. ಬದಲಾವಣೆ ಬೇಕಿದ್ದರೆ ಹೊಸದೊಂದನ್ನು ಕಳುಹಿಸುತ್ತಾರೆ. ಆದ್ದರಿಂದ ಎರಡನೆಯ ಕಾರ್ಟ್‌ಗೆ ಎರಡು ಅರ್ಥಗಳಿರುತ್ತವೆ: ಇನ್ನೂ ಆರು ಬೇಕು ಎಂದು, ಅಥವಾ ನಾಲ್ಕರ ಬದಲು ಒಟ್ಟು ಆರು ಬೇಕು ಎಂದು. ಎರಡು ಸಂದೇಶಗಳೂ ನೋಡಲು ಒಂದೇ ತೆರನಾಗಿರುತ್ತವೆ. ತೆರೆದಿರುವ ಆರ್ಡರ್ ಇರುವ ಗ್ರಾಹಕರಿಂದ ಕಾರ್ಟ್ ಬಂದಾಗಲೆಲ್ಲ "ಇದು 1407-01ಕ್ಕೆ ಸೇರಿಸಿದ್ದೋ, ಅದರ ಬದಲಿಗೋ?" ಎಂಬ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಅವರು "ಒಟ್ಟು ಆರು, ಕವರ್ ಹಾಗೇ ಇರಲಿ" ಎಂದರೆ ಹೊಸ ಸಂಖ್ಯೆ ಕೊಡಬೇಡಿ. 1407-01ರ B2 ಸಾಲಿನಲ್ಲಿ ನಾಲ್ಕನ್ನು ಆರು ಮಾಡಿ, "ತಿದ್ದಿದ ಆರ್ಡರ್ 1407-01" ಎಂಬ ತಲೆಬರಹದೊಂದಿಗೆ ಪೂರ್ತಿ ವಿವರವನ್ನು ಮತ್ತೊಮ್ಮೆ ಕಳುಹಿಸಿ. ಶನಿವಾರದ B2 ಒಂಬತ್ತಾಯಿತು.

ಶುಕ್ರವಾರ ಬೆಳಗ್ಗೆ ಮೂರನೆಯವರು B2 ಐದು ಕೇಳುತ್ತಾರೆ, ಶನಿವಾರಕ್ಕೇ. ಸೂತ್ರ ಒಂಬತ್ತು ಎಂದು ತೋರಿಸುತ್ತಿದೆ, ಮಿತಿ ಹನ್ನೆರಡು. ನೀವು "ಶನಿವಾರ ಮೂರು, ಬುಧವಾರ 23ಕ್ಕೆ ಎರಡು ಆಗಬಹುದೇ?" ಎಂದು ಕೇಳುತ್ತೀರಿ, ಅವರು ಒಪ್ಪುತ್ತಾರೆ. 1807-01 ಎಂಬ ಒಂದೇ ಸಂಖ್ಯೆಯ ಕೆಳಗೆ ಎರಡು ಸಾಲುಗಳು, ಎರಡು ಬೇರೆ ದಿನಾಂಕಗಳೊಡನೆ ಸೇರುತ್ತವೆ. ಒಂದು ಆರ್ಡರಿಗೆ ಒಂದೇ ಸಾಲು ಕೊಟ್ಟಿದ್ದರೆ ಈ ಹಂಚಿಕೆಗೆ ಜಾಗವೇ ಇರುತ್ತಿರಲಿಲ್ಲ. ಶನಿವಾರಕ್ಕೆ ಹನ್ನೆರಡು ಚೀಲ ಸರಿಯಾಗಿ ತುಂಬಿದವು. ಚಾಟ್‌ನಲ್ಲಿರುವ ಕಾರ್ಟ್‌ಗಳನ್ನಷ್ಟೇ ನೋಡಿ ಕೂಡಿದ್ದರೆ ನಾಲ್ಕು, ಆರು, ಐದು, ಧ್ವನಿ ಸಂದೇಶದ ಮೂರು ಸೇರಿ ಹದಿನೆಂಟು ಎಂದು ಬರುತ್ತಿತ್ತು. ಧ್ವನಿ ಸಂದೇಶವನ್ನು ಮರೆತಿದ್ದರೆ ಹದಿನೈದು. ಎರಡೂ ತಪ್ಪು. ಮೊದಲನೆಯದರಲ್ಲಿ ಬಟ್ಟೆ ಹಾಳು, ಎರಡನೆಯದರಲ್ಲಿ ಅದರ ಜೊತೆಗೆ ಒಬ್ಬ ಗ್ರಾಹಕರೂ ಬರಿಗೈಯಲ್ಲಿ ಉಳಿಯುತ್ತಾರೆ.

ಲೇಬಲ್‌ಗಳು ನಿಮಗೆ ಏಕೆ ಕೈಕೊಟ್ಟವು ಎಂಬುದನ್ನೂ ಈ ವಾರವೇ ತೋರಿಸುತ್ತದೆ. ಬಿಸಿನೆಸ್ ಆ್ಯಪ್‌ನಲ್ಲಿ New order, Pending payment, Paid, Order complete ಮುಂತಾದ ಲೇಬಲ್‌ಗಳು ಮೊದಲೇ ಇರುತ್ತವೆ, ಬೇಕಾದರೆ ನಿಮ್ಮದೇ ಹೆಸರಿನವನ್ನೂ ಸೇರಿಸಿಕೊಂಡು ಒಟ್ಟು 20ರವರೆಗೆ ಇಡಬಹುದು. ಆದರೆ ಚಾಟ್‌ಗೆ ಹಾಕಿದ ಲೇಬಲ್ ಇಡೀ ಚಾಟ್‌ಗೆ ಅಂಟಿಕೊಳ್ಳುತ್ತದೆ, ಆರ್ಡರಿಗೆ ಅಲ್ಲ. ಒಬ್ಬರ ಒಂದು ಆರ್ಡರ್ ಮುಗಿದು ಹಣವೂ ಬಂದು, ಇನ್ನೊಂದು ಈಗಷ್ಟೇ ಬಂದಿದ್ದರೆ ಆ ಚಾಟ್ ಮೇಲೆ ಯಾವ ಲೇಬಲ್ ಇರಬೇಕು? ಎರಡೂ ಹಾಕಿದರೆ ಏನೂ ತಿಳಿಯುವುದಿಲ್ಲ, ಒಂದನ್ನೇ ಹಾಕಿದರೆ ಮತ್ತೊಂದು ಮರೆಯಾಗುತ್ತದೆ. ಹೀಗಾಗಿ ಲೇಬಲ್‌ನಿಂದ ಇತಿಹಾಸವನ್ನು ಹೇಳಿಸಲು ಹೋಗಬೇಡಿ. ಈ ಚಾಟ್‌ನಲ್ಲಿ ನಾನು ಮುಂದೆ ಮಾಡಬೇಕಾದ ಕೆಲಸ ಯಾವುದು ಎಂಬುದನ್ನಷ್ಟೇ ಅದು ಹೇಳಲಿ, ಮತ್ತು ಒಂದು ಚಾಟ್ ಮೇಲೆ ಒಂದೇ ಇರಲಿ.

ಹಾಗೆ ನೋಡಿದರೆ ನಿಮಗೆ ಮೂರು ಲೇಬಲ್ ಸಾಕು: "ಉತ್ತರ ಬೇಕು", "ಹೊಲಿಯಬೇಕು", "ಹಣ ಬರಬೇಕು". ಕಾರ್ಟ್ ಬಂದು ಇನ್ನೂ "ಸರಿ" ಬಾರದಿದ್ದರೆ ಮೊದಲನೆಯದು. ಪುಸ್ತಕಕ್ಕೆ ಏರಿದ ಮೇಲೆ ಎರಡನೆಯದು. ಕೊಟ್ಟು ಹಣ ಬಾಕಿ ಇದ್ದರೆ ಮೂರನೆಯದು. ಎಲ್ಲ ಮುಗಿದಾಗ ಲೇಬಲ್ಲೇ ಇಲ್ಲ. ಮುಗಿದದ್ದಕ್ಕೆ Order complete ಹಾಕುತ್ತ ಹೋದರೆ ಆರು ತಿಂಗಳಲ್ಲಿ ನಿಮ್ಮ ಎಲ್ಲ ಚಾಟ್‌ಗಳ ಮೇಲೂ ಆ ಬಣ್ಣ ಇರುತ್ತದೆ, ಕಣ್ಣು ಅದನ್ನು ನೋಡುವುದನ್ನೇ ಬಿಡುತ್ತದೆ. ದಿನಕ್ಕೊಮ್ಮೆ, ಮಲಗುವ ಮೊದಲು, "ಉತ್ತರ ಬೇಕು" ಲೇಬಲ್ಲನ್ನು ತೆರೆದು ನೋಡಿ. ಅದು ಖಾಲಿಯಾಗಿದ್ದರೆ ಪುಸ್ತಕಕ್ಕೆ ಸೇರದ ಕಾರ್ಟ್ ಯಾವುದೂ ಇಲ್ಲ. "ಹೊಲಿಯಬೇಕು" ಲೇಬಲ್‌ನಲ್ಲಿರುವ ಚಾಟ್‌ಗಳ ಸಂಖ್ಯೆಯೂ ಪುಸ್ತಕದಲ್ಲಿ ಕೊಡಲು ಬಾಕಿ ಇರುವ ಗ್ರಾಹಕರ ಸಂಖ್ಯೆಯೂ ಒಂದೇ ಆಗಿರಬೇಕು. ಹೊಂದದಿದ್ದರೆ ಎಲ್ಲೋ ಒಂದು ತಪ್ಪಿದೆ ಎಂದರ್ಥ, ಮತ್ತು ಆ ತಪ್ಪು ಕೊಡುವ ದಿನಕ್ಕೆ ಮೊದಲೇ ಸಿಕ್ಕಿತು. ಒಂದು ಚಾಟ್‌ನಲ್ಲಿ ಹೊಲಿಯುವುದೂ ಹಣ ಬರುವುದೂ ಎರಡೂ ಬಾಕಿ ಇದ್ದರೆ "ಹೊಲಿಯಬೇಕು" ಇರಲಿ. ಹಣದ ಬಾಕಿಯನ್ನು ಪುಸ್ತಕದ F ಅಂಕಣ ನೆನಪಿಡುತ್ತದೆ.

ಚಾಟ್ ಅನ್ನೇ ದಾಖಲೆ ಎಂದು ನಂಬಬಾರದು ಎನ್ನುವುದಕ್ಕೆ ಇನ್ನೊಂದು ಗಟ್ಟಿಯಾದ ಕಾರಣವಿದೆ, ಇದನ್ನು ಕಲಿಯಲು ನಾನೇ ಒಮ್ಮೆ ಬೆಲೆ ತೆತ್ತಿದ್ದೇನೆ. ಮನೆಯವರು ಮೇಣದಬತ್ತಿ ಮಾಡಿ ಮಾರುತ್ತಿದ್ದ ದಿನಗಳಲ್ಲಿ ಆರ್ಡರ್ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು, ಪುಸ್ತಕ ಇರಲಿಲ್ಲ. ಹತ್ತು ದಿನ ಮೊದಲೇ ಬಂದಿದ್ದ ಒಂದು ದೊಡ್ಡ ಆರ್ಡರನ್ನು ಸಿದ್ಧಪಡಿಸಲು ಚಾಟ್ ತೆರೆದರೆ ಸಂದೇಶವೇ ಇಲ್ಲ. ಗ್ರಾಹಕರು ತಮ್ಮ ಚಾಟ್‌ಗಳಿಗೆಲ್ಲ ಏಳು ದಿನಗಳಲ್ಲಿ ಸಂದೇಶ ತಾನಾಗಿ ಅಳಿಯುವ ವ್ಯವಸ್ಥೆ ಹಾಕಿಕೊಂಡಿದ್ದರು. ಈ Disappearing messages ವ್ಯವಸ್ಥೆಯನ್ನು ಚಾಟ್‌ನ ಇಬ್ಬರಲ್ಲಿ ಯಾರು ಬೇಕಾದರೂ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಹಾಕಬಹುದು, ಮತ್ತು ಆಗ ಹೊಸ ಸಂದೇಶಗಳು ಇಬ್ಬರ ಫೋನಿನಿಂದಲೂ ಮಾಯವಾಗುತ್ತವೆ. ಅದನ್ನು ಹಾಕಿದಾಗ ಚಾಟ್‌ನಲ್ಲಿ ಒಂದು ಸಣ್ಣ ಸೂಚನೆ ಕಾಣಿಸುತ್ತದೆ. ನಾನು ಅದನ್ನು ಓದಿರಲಿಲ್ಲ. ಇದಲ್ಲದೆ ಕಳುಹಿಸಿದ ಪಠ್ಯ ಸಂದೇಶವನ್ನು 15 ನಿಮಿಷದೊಳಗೆ ತಿದ್ದಲು ಅವಕಾಶವಿದೆ. "ನಾಲ್ಕು" ಎಂದು ನೀವು ಓದಿ ಬದಿಗಿಟ್ಟ ಸಂದೇಶ ಅಷ್ಟರಲ್ಲಿ "ಐದು" ಆಗಿರಬಹುದು. ಸಂದೇಶದ ಪಕ್ಕದಲ್ಲಿ Edited ಎಂಬ ಪದ ಮಾತ್ರ ಉಳಿದಿರುತ್ತದೆ, ಮೊದಲು ಏನಿತ್ತು ಎಂಬುದು ಚಾಟ್‌ನಲ್ಲಿ ಕಾಣದು. ನೀವೇ ಬರೆದ ಖಚಿತಪಡಿಸುವ ಸಂದೇಶ ಮತ್ತು ಅದಕ್ಕೆ ಬಂದ "ಸರಿ" ಇದ್ದಲ್ಲಿ ಈ ಬಗೆಯ ಮಾತಿಗೆ ಎಡೆಯಿರುವುದಿಲ್ಲ.

ನೆರೆಹೊರೆಯವರ ಗುಂಪುಗಳಲ್ಲಿ ಬರುವ ಆರ್ಡರ್‌ಗಳನ್ನು ಮಾತ್ರ ಬಿಗಿಯಾಗಿ ನಿಲ್ಲಿಸಿ. ಗುಂಪಿನಲ್ಲಿ ಒಬ್ಬರು "ನನಗೂ ಎರಡು" ಎಂದರೆ ಹಿಂದೆಯೇ ಐವರು "ನನಗೂ" ಎನ್ನುತ್ತಾರೆ, ನಡುವೆ ಹುಟ್ಟುಹಬ್ಬದ ಶುಭಾಶಯಗಳು ತುಂಬಿಕೊಳ್ಳುತ್ತವೆ, ಯಾರಿಗೆ ಎಷ್ಟು ಎಂಬುದು ಮುಳುಗಿಹೋಗುತ್ತದೆ. ಅಲ್ಲಿ ಯಾರಿಗೂ "ಆಯಿತು" ಎಂದು ಉತ್ತರಿಸಬೇಡಿ, ಏಕೆಂದರೆ ಗುಂಪಿನಲ್ಲಿ ಹೇಳಿದ "ಆಯಿತು" ಒಪ್ಪಿಗೆಯಾಗಿಬಿಡುತ್ತದೆ. ಬದಲಿಗೆ ನಿಮ್ಮ ಕ್ಯಾಟಲಾಗ್‌ನ ಕೊಂಡಿಯನ್ನು ಹಾಕಿ. `https://wa.me/c/` ಎಂಬುದರ ಮುಂದೆ ದೇಶದ ಸಂಕೇತ ಸೇರಿಸಿದ ನಿಮ್ಮ ಸಂಖ್ಯೆಯನ್ನು ಅಧಿಕ ಚಿಹ್ನೆಯಿಲ್ಲದೆ ಬರೆದರೆ ಅದು ಸಿದ್ಧವಾಗುತ್ತದೆ. ಅದನ್ನು ಒತ್ತಿದವರು ಕ್ಯಾಟಲಾಗ್ ನೋಡಿ ನಿಮ್ಮ ವೈಯಕ್ತಿಕ ಚಾಟ್‌ಗೇ ಕಾರ್ಟ್ ಕಳುಹಿಸುತ್ತಾರೆ. ಮೆಟ್ಟಿಲ ಬಳಿ ಸಿಕ್ಕು ಬಾಯಿಮಾತಿನಲ್ಲಿ ಹೇಳಿದವರಿಗೂ ಇದೇ ನಿಯಮ ಅನ್ವಯಿಸಲಿ. ಹಿರಿಯರಿಗೆ ಕಾರ್ಟ್ ಕಳುಹಿಸುವುದು ಕಷ್ಟವಾದರೆ ಮನೆಗೆ ಬಂದ ಕೂಡಲೇ ನೀವೇ ಅವರ ಚಾಟ್‌ನಲ್ಲಿ ಖಚಿತಪಡಿಸುವ ಸಂದೇಶ ಬರೆಯಿರಿ. ಆರ್ಡರ್ ಯಾವ ಬಾಗಿಲಿನಿಂದ ಬಂದರೂ ಪುಸ್ತಕಕ್ಕೆ ಹೋಗುವ ಬಾಗಿಲು ಒಂದೇ ಇರಬೇಕು.

ಮನೆಯ ಇನ್ನೊಬ್ಬರು ಕೈಜೋಡಿಸುವುದಾದರೆ, ನಿಮ್ಮ ಫೋನಿನ ಖಾತೆಗೆ ಇನ್ನೂ ನಾಲ್ಕು ಸಾಧನಗಳವರೆಗೆ ಜೋಡಿಸಿ ಅದೇ ಚಾಟ್‌ಗಳನ್ನು ಅವರೂ ನೋಡುವಂತೆ ಮಾಡಬಹುದು. ಆದರೆ ಇಬ್ಬರೂ ಒಪ್ಪಿಕೊಳ್ಳುತ್ತ ಹೋದರೆ ಹನ್ನೆರಡರ ಮಿತಿ ಎರಡು ಸಲ ಹಂಚಿಹೋಗುತ್ತದೆ. ವಿಚಾರಿಸುವವರಿಗೆ ಯಾರು ಬೇಕಾದರೂ ಉತ್ತರಿಸಲಿ, ಆರ್ಡರ್ ಸಂಖ್ಯೆ ಕೊಡುವುದು ಮತ್ತು ಪುಸ್ತಕ ಬರೆಯುವುದು ಒಬ್ಬರ ಕೈಯಲ್ಲೇ ಇರಲಿ. ಪುಸ್ತಕದಲ್ಲಿ ನೆರೆಯವರ ಹೆಸರು ಮತ್ತು ಬಾಕಿ ಹಣದ ವಿವರ ಇರುವುದರಿಂದ ಹಾಳೆಯ ಕೊಂಡಿಯನ್ನು ಯಾರಿಗೂ ಕಳುಹಿಸಬೇಡಿ. ಕಾಗದದ ಪುಸ್ತಕವಾದರೆ ವಾರಕ್ಕೊಮ್ಮೆ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ.

ಬೇರೆ ಆ್ಯಪ್‌ನ ಪ್ರಶ್ನೆ ಯಾವಾಗ ನಿಜವಾಗಿ ಏಳುತ್ತದೆ ಎಂದರೆ, ದಿನ ಮತ್ತು ಬಣ್ಣ ಕೇಳಿ ಖಚಿತಪಡಿಸುವ ಕೆಲಸಕ್ಕೇ ದಿನಕ್ಕೊಂದು ಗಂಟೆಗಿಂತ ಹೆಚ್ಚು ಹಿಡಿಯತೊಡಗಿದಾಗ, ಅಥವಾ ಒಂದೇ ಕೊಡುವ ದಿನದ ಮಿತಿಯನ್ನು ಇಬ್ಬರು ಮೂವರು ಏಕಕಾಲಕ್ಕೆ ನೋಡಬೇಕಾದಾಗ. ವಾರಕ್ಕೆ ಇಪ್ಪತ್ತು ಮೂವತ್ತು ಆರ್ಡರ್‌ಗಳವರೆಗೆ ಆ ಹಂತ ಬರುವುದಿಲ್ಲ ಎಂಬುದು ನನ್ನ ಅನುಭವ. ಈ ವಾರ ಮಾಡಬೇಕಾದದ್ದು ಬೇರೆ: ಈಗ ತೆರೆದಿರುವ ಎಲ್ಲ ಆರ್ಡರ್‌ಗಳನ್ನು ಚಾಟ್‌ಗಳಿಂದ ಒಂದೊಂದಾಗಿ ಹೆಕ್ಕಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಪ್ರತಿ ಗ್ರಾಹಕರಿಗೂ ಖಚಿತಪಡಿಸುವ ಸಂದೇಶ ಕಳುಹಿಸಿ. ಮರೆತುಹೋದ ಇನ್ನೊಂದು ಆರ್ಡರ್ ಇದ್ದರೆ "ನನ್ನದು ಬರಲಿಲ್ಲವಲ್ಲ" ಎಂಬ ಮಾತು ಆ ಸಂಜೆಯೇ ಬರುತ್ತದೆ.